ಒಂದೇ ಉತ್ತರ ವಾಟ್ಸ್‌ಆ್ಯಪ್, ಎಸ್‌ಎಂಎಸ್, ಇಮೇಲ್‌ನಲ್ಲಿ ಬೇರೆ ಬೇರೆ ಥರ ಕಾಣುವುದೇಕೆ: ಗ್ರಾಹಕರಿಗೆ ಬರೆದ ಪತ್ರದ ಕರಡು, ತಿದ್ದಿಕೊಡಿ

ಉಮಾ_ಪ್ರಾಡಕ್ಟ್

ನಮ್ಮದು ಗ್ರಾಹಕ ಸೇವೆಯ ಇನ್‌ಬಾಕ್ಸ್ ಸಾಫ್ಟ್‌ವೇರ್. ಅಂಗಡಿಯ ಸಿಬ್ಬಂದಿ ಒಂದೇ ಜಾಗದಲ್ಲಿ ಉತ್ತರ ಟೈಪ್ ಮಾಡುತ್ತಾರೆ. ಪ್ರಶ್ನೆ ಕೇಳಿದವರು ಯಾವ ದಾರಿಯಲ್ಲಿ ಬಂದಿದ್ದರೋ ಉತ್ತರವೂ ಅದೇ ದಾರಿಯಲ್ಲಿ ಹೋಗುತ್ತದೆ. ಪಂಪ್‌ಸೆಟ್ ಮತ್ತು ಹನಿ ನೀರಾವರಿ ಸಾಮಾನು ಮಾರುವ ಒಬ್ಬ ಗ್ರಾಹಕರು ಕೆಲವು ಸ್ಕ್ರೀನ್‌ಶಾಟ್ ಕಳಿಸಿ, "ಒಂದೇ ಉತ್ತರ ಮೂರು ಕಡೆ ಮೂರು ಥರ ಕಾಣುತ್ತಿದೆ, ನಮ್ಮ ಅಂಗಡಿಯ ಮರ್ಯಾದೆ ಹೋಗುತ್ತಿದೆ" ಎಂದು ಬರೆದಿದ್ದಾರೆ. ಸಿಬ್ಬಂದಿ ಬರೆದ ಉತ್ತರ ಇದು (ಲಿಂಕ್ ಮಾತ್ರ ಬದಲಿಸಿದ್ದೇನೆ, ಉದ್ದ ಅಷ್ಟೇ ಇದೆ):

```
ನಮಸ್ಕಾರ,
ನಿಮ್ಮ ಪಂಪ್ ರಿಪೇರಿ ಆಗಿದೆ.
**ಬಿಲ್: ₹1,850**
1. ಬರುವಾಗ ರಸೀದಿ ತನ್ನಿ
2. ವಾರಂಟಿ ಕಾರ್ಡ್ ತನ್ನಿ
[ಬಿಲ್ ನೋಡಿ](https://example.com/b/4471)
```

ಜಿಮೇಲ್‌ನಲ್ಲಿ ಬಿಲ್ ಸಾಲು ದಪ್ಪಕ್ಷರದಲ್ಲಿ ಬಂದಿದೆ, "ಬಿಲ್ ನೋಡಿ" ನೀಲಿ ಲಿಂಕ್ ಆಗಿದೆ. ಅಂಗಡಿಯ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ 1, 2 ಅಂಕಿಗಳು ಬಲಕ್ಕೆ ಸರಿದು ಸಾಲುಗಳ ಅಂತರ ಹೆಚ್ಚಾಗಿದೆ. ವಾಟ್ಸ್‌ಆ್ಯಪ್‌ನಲ್ಲೂ ಎಸ್‌ಎಂಎಸ್‌ನಲ್ಲೂ ನಕ್ಷತ್ರ, ಆವರಣ ಎಲ್ಲ ಕಣ್ಣಿಗೆ ಬೀಳುತ್ತಿವೆ. ನಾನು ಬರೆದಿರುವ ಕರಡು:

"ಮಾನ್ಯರೇ, ಪ್ರತಿಯೊಂದು ಆ್ಯಪ್ ತನ್ನದೇ ರೀತಿಯಲ್ಲಿ ಸಂದೇಶವನ್ನು ರೆಂಡರ್ ಮಾಡುತ್ತದೆ. ವಾಟ್ಸ್‌ಆ್ಯಪ್, ಔಟ್‌ಲುಕ್ ಮುಂತಾದವುಗಳ ಮೇಲೆ ನಮಗೆ ನಿಯಂತ್ರಣವಿಲ್ಲ. ಆದ್ದರಿಂದ ಸಣ್ಣಪುಟ್ಟ ವ್ಯತ್ಯಾಸಗಳು ಸಹಜ."

ಇಷ್ಟು ಸಾಕೇ?

ಇಮೇಲ್_ಕಮಲಾ

ಸಾಲದು ಉಮಾ. ಇದರಲ್ಲಿ ಒಂದು ಮಾತು ನಿಜವೇ ಅಲ್ಲ. ಔಟ್‌ಲುಕ್‌ನ ಅಂತರಕ್ಕೆ ಕಾರಣ ಔಟ್‌ಲುಕ್, ಅದನ್ನು ಒಪ್ಪಬಹುದು. ವಾಟ್ಸ್‌ಆ್ಯಪ್‌ನಲ್ಲಿ ನಕ್ಷತ್ರ ಕಂಡದ್ದಕ್ಕೆ ಕಾರಣ ನಿಮ್ಮ ಸಾಫ್ಟ್‌ವೇರ್. ನೀವು ಉತ್ತರವನ್ನು ಮಾರ್ಕ್‌ಡೌನ್ ಎಂಬ ಚಿಹ್ನೆಗಳ ಬರವಣಿಗೆಯಲ್ಲಿ ಉಳಿಸಿಕೊಳ್ಳುತ್ತೀರಿ, ಅದರಲ್ಲಿ ದಪ್ಪಕ್ಷರಕ್ಕೆ ಆಚೆಗೆರಡು ಈಚೆಗೆರಡು ನಕ್ಷತ್ರ. ವಾಟ್ಸ್‌ಆ್ಯಪ್‌ಗೆ ಒಂದೊಂದೇ ಸಾಕು. ಹೆಸರಿನ ಹಿಂದೆ ಲಿಂಕ್ ಅಡಗಿಸುವ ಸೌಲಭ್ಯವೂ ಅಲ್ಲಿನ ಸಾದಾ ಸಂದೇಶದಲ್ಲಿಲ್ಲ, ವಿಳಾಸವನ್ನು ಬಿಡಿಸಿಯೇ ಬರೆಯಬೇಕು. ಇಮೇಲ್‌ಗೆ ಹೋಗುವಾಗ ನಿಮ್ಮ ಕೋಡ್ ಮಾರ್ಕ್‌ಡೌನನ್ನು ಎಚ್‌ಟಿಎಂಎಲ್ ಮಾಡಿ ಕಳಿಸುತ್ತಿದೆ, ಉಳಿದೆರಡು ದಾರಿಗೆ ಏನೂ ಮಾಡದೆ ಹಾಗೇ ನೂಕುತ್ತಿದೆ. ಅದನ್ನು "ಸಹಜ" ಎಂದು ಬರೆದರೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಂತೆ.

ಪತ್ರದಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ಹೇಳಿ: ನಾವು ಮಾಡದೆ ಬಿಟ್ಟ ಕೆಲಸ, ಎದುರಿನ ಆ್ಯಪ್‌ನ ಸ್ವಭಾವ, ಆ ದಾರಿಗೇ ಇರುವ ಮಿತಿ. ಎಸ್‌ಎಂಎಸ್‌ನಲ್ಲಿ ದಪ್ಪಕ್ಷರ ಎಂಬುದೇ ಇಲ್ಲ, ಅದು ಮೂರನೆಯದಕ್ಕೆ ಸೇರುತ್ತದೆ.

ನೇರ_ಕೋಡ್

ಇದಕ್ಕೆ ಪತ್ರ ಯಾಕೆ? ಒಂದು ಸಾಲಿನ ಕೆಲಸ.

```
text.replace(/\*\*(.+?)\*\*/g, "*$1*")
```

ಎರಡು ನಕ್ಷತ್ರ ಇದ್ದಲ್ಲಿ ಒಂದು ಮಾಡಿ ಕಳಿಸಿ. ಔಟ್‌ಲುಕ್ ಅಂತೂ ಇಮೇಲ್ ತೋರಿಸಲು ಎಲ್ಲ ಕಡೆ ವರ್ಡ್ ಎಂಜಿನ್ ಬಳಸುತ್ತದೆ, ಅದನ್ನು ಸರಿಮಾಡಲು ಹೋಗಬೇಡಿ.

ಇಮೇಲ್_ಕಮಲಾ

ಅರ್ಧ ಸರಿ. ಮೊದಲು ಔಟ್‌ಲುಕ್: ವರ್ಡ್ ಎಂಜಿನ್ ಇರುವುದು ವಿಂಡೋಸ್‌ನ ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ, 2007ರ ಆವೃತ್ತಿಯಿಂದ. ಮ್ಯಾಕ್‌ನ ಔಟ್‌ಲುಕ್, ಬ್ರೌಸರಿನದು, ವಿಂಡೋಸ್‌ನ ಹೊಸ ಔಟ್‌ಲುಕ್ ಇವು ಹಾಗಲ್ಲ. ಹಾಗಾಗಿ ಗ್ರಾಹಕರನ್ನು ಕೇಳಬೇಕಾದ ಪ್ರಶ್ನೆ "ಔಟ್‌ಲುಕ್ ಬಳಸುತ್ತೀರಾ" ಅಲ್ಲ, "ಯಾವ ಔಟ್‌ಲುಕ್" ಎಂದು. ಪಟ್ಟಿಯ ಅಂತರವನ್ನು ಬಹುಮಟ್ಟಿಗೆ ಹದಕ್ಕೆ ತರಬಹುದು. `<ol>`, `<li>`, `<p>` ಮೂರಕ್ಕೂ ಅಂತರವನ್ನು ಆಯಾ ಟ್ಯಾಗ್‌ನೊಳಗೇ ಬರೆಯಿರಿ, ಆ್ಯಪ್ ತನ್ನ ಅಳತೆ ತಂದು ಹಾಕಲು ಬಿಡಬೇಡಿ. ಆದರೂ ಜಿಮೇಲ್‌ನಷ್ಟೇ ಕರಾರುವಾಕ್ಕಾಗಿ ಬರುತ್ತದೆ ಎಂದು ಪತ್ರದಲ್ಲಿ ಮಾತು ಕೊಡಬೇಡಿ. ಗುಂಡಗಿನ ಮೂಲೆಯ ಬಟನ್ ಇಟ್ಟರೆ ಆ ಔಟ್‌ಲುಕ್‌ನಲ್ಲಿ ಚೌಕವೇ ಕಾಣುತ್ತದೆ.

ಇನ್ನು ನಿಮ್ಮ ಒಂದು ಸಾಲು. ಸಿಬ್ಬಂದಿ `**ಬಿಲ್: **₹1,850` ಎಂದು ಬರೆದರೆ ನಿಮ್ಮ ಸಾಲು `*ಬಿಲ್: *₹1,850` ಕೊಡುತ್ತದೆ. ಕೊನೆಯ ನಕ್ಷತ್ರದ ಹಿಂದೆ ಖಾಲಿ ಜಾಗ ಇರುವುದರಿಂದ ವಾಟ್ಸ್‌ಆ್ಯಪ್ ಅದನ್ನು ದಪ್ಪ ಮಾಡುವುದಿಲ್ಲ, ನಕ್ಷತ್ರಗಳು ಮತ್ತೆ ಕಾಣುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಪಂಪ್ ಅಂಗಡಿಯಲ್ಲೇ ಇದೆ. ತೊಟ್ಟಿಯ ಅಳತೆಯನ್ನು `2*3*4 ಅಡಿ` ಎಂದು ಟೈಪ್ ಮಾಡುವವರು ಎಷ್ಟೋ ಜನ. ಮಾರ್ಕ್‌ಡೌನ್ ನಿಯಮದ ಪ್ರಕಾರ ನಡುವಿನ 3 ಓರೆ ಅಕ್ಷರವಾಗಿ, ಎರಡೂ ನಕ್ಷತ್ರ ಮಾಯವಾಗುತ್ತವೆ. ಇಮೇಲ್ ತೆರೆದವರಿಗೆ ಕಾಣುವುದು "234 ಅಡಿ". ಇಲ್ಲಿ ಕೆಟ್ಟದ್ದು ರೂಪವಲ್ಲ, ಅರ್ಥ. ಒಂದು ಚಿಹ್ನೆ ಹುಡುಕಿ ಇನ್ನೊಂದು ಹಾಕುವುದರಿಂದ ಇದು ಸರಿಹೋಗುವುದಿಲ್ಲ. ಸಿಬ್ಬಂದಿ ಟೂಲ್‌ಬಾರ್‌ನ ಬಟನ್ ಒತ್ತಿ ದಪ್ಪ ಮಾಡಿದರೋ, ಕೀಬೋರ್ಡಿನಲ್ಲಿ ನಕ್ಷತ್ರ ಒತ್ತಿದರೋ ಎಂಬುದು ಉಳಿಸುವಾಗಲೇ ಬೇರೆಯಾಗಿರಬೇಕು. ಆಮೇಲೆ ಒಂದೊಂದು ದಾರಿಗೂ ಅದರ ಗುರುತಿನಲ್ಲಿ ಬರೆದುಕೊಡಬೇಕು.

ಪದ_ಸಂಗಾತಿ

ಕನ್ನಡಕ್ಕೇ ಸೇರಿದ ಒಂದು ತೊಡಕು ಹೇಳುತ್ತೇನೆ. ಇಂಗ್ಲಿಷಿನಲ್ಲಿ ದಪ್ಪ ಮಾಡಿದ ಪದದ ಮುಂದೆ ಹೆಚ್ಚಾಗಿ ಖಾಲಿ ಜಾಗ ಬರುತ್ತದೆ. ನಮ್ಮಲ್ಲಿ ವಿಭಕ್ತಿ ಅಂಟಿಕೊಂಡೇ ಬರುತ್ತದೆ. ಇದನ್ನು ನೋಡಿ:

```
**ಹೊಸ ಪಂಪ್ (2 ಎಚ್‌ಪಿ)**ಗೆ ಒಂದು ವರ್ಷ ವಾರಂಟಿ
```

ಮುಗಿಸುವ ನಕ್ಷತ್ರಗಳ ಎಡಕ್ಕೆ ಆವರಣ, ಬಲಕ್ಕೆ ಅಕ್ಷರ. ಹೀಗಿದ್ದರೆ ಮಾರ್ಕ್‌ಡೌನ್‌ನ ಪ್ರಮಾಣಿತ ರೂಪವಾದ ಕಾಮನ್‌ಮಾರ್ಕ್‌ನ ನಿಯಮ ಅದನ್ನು ಮುಗಿತಾಯ ಎಂದು ಒಪ್ಪುವುದಿಲ್ಲ. ಆಗ ಇಮೇಲ್‌ನಲ್ಲೂ ನಕ್ಷತ್ರಗಳು ಹಾಗೇ ಉಳಿಯುತ್ತವೆ. "ಗೆ" ತೆಗೆದು ಅಲ್ಲಿ ಖಾಲಿ ಜಾಗ ಬಿಟ್ಟರೆ ತಕ್ಷಣ ಸರಿಯಾಗುತ್ತದೆ. ಉಮಾ, ನಿಮ್ಮ ಪರೀಕ್ಷೆಯ ಸಾಲುಗಳೆಲ್ಲ ಇಂಗ್ಲಿಷಿನಲ್ಲಿದ್ದರೆ ಇದು ಎಂದೂ ಸಿಕ್ಕಿಬೀಳುವುದಿಲ್ಲ. ಸಿಬ್ಬಂದಿಗೆ ಕೊಡಬಹುದಾದ ಸಲಹೆ ಸರಳ: ವಿಭಕ್ತಿಯನ್ನೂ ಸೇರಿಸಿ ದಪ್ಪ ಮಾಡಿ.

ಇನ್ನೊಂದು ವಿಷಯ, ಪತ್ರದಲ್ಲಿ "ರೆಂಡರ್" ಬೇಡ. "ತೋರಿಸುತ್ತದೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಅಂಗಡಿ_ಬಸವರಾಜ

ನಮ್ಮಲ್ಲೂ ಇದೇ ತೊಂದರೆ. ನನ್ನ ಫೋನಿನಲ್ಲಿ ಕನ್ನಡ ಅಕ್ಷರ ದುಂಡಗೆ ಕಾಣುತ್ತದೆ, ಮಗನ ಐಫೋನಿನಲ್ಲಿ ಸ್ವಲ್ಪ ಸಣ್ಣಗೆ. ಎರಡೂ ಕಡೆ ಒಂದೇ ಫಾಂಟ್ ಹೋಗುವ ಹಾಗೆ ಕಳಿಸಲು ಯಾವ ಸೆಟ್ಟಿಂಗ್ ಒತ್ತಬೇಕು?

ಇಮೇಲ್_ಕಮಲಾ

ಬಸವರಾಜ ಅವರೇ, ನೀವು ಕೇಳುತ್ತಿರುವುದು ಬೇರೆಯೇ ಸಂಗತಿ. ಸಂದೇಶದ ಜೊತೆ ಫಾಂಟ್ ಹೋಗುವುದಿಲ್ಲ, ಅಕ್ಷರದ ಸಂಕೇತ ಮಾತ್ರ ಹೋಗುತ್ತದೆ. ಅದಕ್ಕೆ ರೂಪ ಕೊಡುವುದು ಓದುವವರ ಸಾಧನದಲ್ಲಿರುವ ಫಾಂಟ್. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆ್ಯಪಲ್‌ನಲ್ಲಿ ಅವರದೇ ಬೇರೆ. ವಾಟ್ಸ್‌ಆ್ಯಪ್, ಎಸ್‌ಎಂಎಸ್‌ಗೆ ನೀವು ಒತ್ತುವ ಸೆಟ್ಟಿಂಗ್ ಯಾವುದೂ ಇಲ್ಲ.

ಗೇಟ್‌ವೇ_ರಂಗಣ್ಣ

ಉಮಾ ಮೇಡಂ, ಎಲ್ಲರೂ ವಾಟ್ಸ್‌ಆ್ಯಪ್ ಹಿಡಿದುಕೊಂಡಿದ್ದಾರೆ. ದುಡ್ಡು ಸೋರುತ್ತಿರುವುದು ಎಸ್‌ಎಂಎಸ್‌ನಲ್ಲಿ. ನಿಮ್ಮದೇ ಸಂದೇಶ ಎಣಿಸಿ ತೋರಿಸುತ್ತೇನೆ.

ಕನ್ನಡ ಅಕ್ಷರ ಇದ್ದರೆ ಒಂದು ಎಸ್‌ಎಂಎಸ್‌ನಲ್ಲಿ 70 ಕ್ಯಾರೆಕ್ಟರ್ ಹಿಡಿಯುತ್ತದೆ. 70 ದಾಟಿದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಫೋನಿನಲ್ಲಿ ಮತ್ತೆ ಜೋಡಿಸಲು ಗುರುತು ಬೇಕು, ಅದಕ್ಕೆ ಜಾಗ ಹೋಗಿ ಒಂದೊಂದು ತುಂಡಿಗೆ 67 ಮಾತ್ರ ಉಳಿಯುತ್ತದೆ. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಎಣಿಕೆಗೆ ಬರುವುದು ಬೇರೆ. "ನಿಮ್ಮ" ಎಂಬುದು ನೋಡಲು ಎರಡು ಅಕ್ಷರ. ಎಣಿಕೆಯಲ್ಲಿ ನ, ಗುಡಿಸು, ಮ, ವಿರಾಮ, ಮ, ಒಟ್ಟು ಐದು. "ನಿಮ್ಮ ಪಂಪ್ ರಿಪೇರಿ ಆಗಿದೆ." ಸಾಲು 24 ಆಗುತ್ತದೆ. ನಕ್ಷತ್ರ ತೆಗೆದು, ಲಿಂಕನ್ನು "ಬಿಲ್ ನೋಡಿ: https://example.com/b/4471" ಎಂದು ಬರೆದು, ಸಾಲು ಮುರಿದ ಐದು ಕಡೆಯನ್ನೂ ಸೇರಿಸಿದರೆ ಇಡೀ ಸಂದೇಶ 129. ಎರಡು ತುಂಡಿನ ಮಿತಿ 134, ಆದ್ದರಿಂದ ತುಂಡಿಗೊಂದರಂತೆ ಎರಡೇ ಕ್ರೆಡಿಟ್.

ಈಗ ಅವರು ಕಳಿಸಿದ ಹಾಗೇ ಎಣಿಸಿ. ನಾಲ್ಕು ನಕ್ಷತ್ರ ಹೆಚ್ಚು. ಲಿಂಕಿನ ಸಾಲಿನಲ್ಲಿ ಆವರಣ ನಾಲ್ಕು ಬಂದು, ವಿವರಣ ಚಿಹ್ನೆ ಮತ್ತು ಖಾಲಿ ಜಾಗ ಹೋಗಿ, ಎರಡು ಹೆಚ್ಚು. ಒಟ್ಟು 135. ಒಂದೇ ಒಂದು ಕ್ಯಾರೆಕ್ಟರ್ ಮಿತಿ ದಾಟಿ ಮೂರನೇ ಕ್ರೆಡಿಟ್ ಕಡಿತವಾಗುತ್ತದೆ. ಯಾರೂ ಓದಬಾರದ ಚಿಹ್ನೆಗಳಿಗೆ ಪ್ರತಿ ಸಂದೇಶದಲ್ಲೂ ಒಂದೂವರೆ ಪಟ್ಟು ದುಡ್ಡು ಕೊಡುತ್ತಿದ್ದಾರೆ. ಇದನ್ನು ಪತ್ರದಲ್ಲಿ ಮುಚ್ಚಿಡಬೇಡಿ, ಹಿಂದಿನ ಬಿಲ್ ನೋಡಿ ಹೆಚ್ಚುವರಿ ಕ್ರೆಡಿಟ್ ಹಿಂತಿರುಗಿಸಿ.

ನೇರ_ಕೋಡ್

ಎಣಿಕೆ ಸರಿ ಇದೆ, ನಾನೂ ಎಣಿಸಿ ನೋಡಿದೆ. ಆದರೆ ಜಿಎಸ್‌ಎಂ ಮಾನದಂಡದಲ್ಲಿ ಕನ್ನಡಕ್ಕೆ ಬೇರೆ ಅಕ್ಷರ ಕೋಷ್ಟಕವೇ ಇದೆಯಲ್ಲ? ಅದನ್ನು ಬಳಸಿದರೆ 70ರ ಮಿತಿಯೇ ಇರುವುದಿಲ್ಲ.

ಗೇಟ್‌ವೇ_ರಂಗಣ್ಣ

ಮಾನದಂಡದಲ್ಲಿ ಇದೆ, ನಿಜ. ಕಳಿಸುವ ಗೇಟ್‌ವೇ ಮತ್ತು ತೆರೆಯುವ ಫೋನ್ ಎರಡಕ್ಕೂ ಆ ಕೋಷ್ಟಕ ಗೊತ್ತಿರಬೇಕು. ಗೊತ್ತಿಲ್ಲದ ಫೋನಿನಲ್ಲಿ ಸಂದೇಶ ಓದಲಾಗದಂತೆ ಬರುತ್ತದೆ. ರೈತರ ಕೈಯಲ್ಲಿ ಯಾವ ಫೋನ್ ಇದೆಯೋ ಗೊತ್ತಿಲ್ಲದೆ ಬಿಲ್ಲಿನ ಸಂದೇಶವನ್ನು ಅದರ ಮೇಲೆ ಬಿಡಲು ನಾನು ಒಪ್ಪುವುದಿಲ್ಲ. ಇಂಗ್ಲಿಷಿಗೆ ಬದಲಾಯಿಸಿದರೆ 160 ಸಿಗುತ್ತದೆ ಎನ್ನುವವರೂ ಇದ್ದಾರೆ. ಅಲ್ಲೂ ₹ ಚಿಹ್ನೆ ಒಂದು ನುಸುಳಿದರೆ ಇಡೀ ಸಂದೇಶ 70ಕ್ಕೆ ಇಳಿಯುತ್ತದೆ, ಹಾಗಾಗಿ ಅಲ್ಲಿ `Rs` ಎಂದೇ ಬರೆಯಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾಳೆ ಬೆಳಿಗ್ಗೆಯೇ ಕೋಡ್ ಸರಿಮಾಡಿ ನಕ್ಷತ್ರ ತೆಗೆದು ಕಳಿಸಿಬಿಟ್ಟೀರಿ, ತಡೆಯಿರಿ. ಭಾರತದಲ್ಲಿ ವ್ಯಾಪಾರದ ಎಸ್‌ಎಂಎಸ್ ಹೋಗಬೇಕಾದರೆ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಸಂದೇಶದ ಟೆಂಪ್ಲೇಟ್ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ಕಳಿಸುವ ಪಠ್ಯ ಅದಕ್ಕೆ ಹೊಂದದಿದ್ದರೆ ಟೆಲಿಕಾಂ ಕಂಪನಿಯ ಕಡೆಯಲ್ಲೇ ಬಿದ್ದುಹೋಗುತ್ತದೆ. ನಕ್ಷತ್ರ, ಆವರಣ ಸಮೇತ ಸಂದೇಶ ಫೋನಿಗೆ ತಲುಪಿದೆ ಎಂದರೆ ಏನರ್ಥ? ನೋಂದಣಿ ಮಾಡುವಾಗಲೇ ಯಾರೋ ನಿಮ್ಮ ಪರದೆಯಿಂದ ಹಾಗೇ ನಕಲು ಮಾಡಿ ಅಂಟಿಸಿದ್ದಾರೆ. ಒಪ್ಪಿಗೆ ಸಿಕ್ಕಿರುವ ಟೆಂಪ್ಲೇಟ್‌ನಲ್ಲೇ ನಕ್ಷತ್ರಗಳಿವೆ. ಈಗ ನೀವು ಚೊಕ್ಕ ಪಠ್ಯ ಕಳಿಸಿದರೆ ಅದು ಹೊಂದುವುದಿಲ್ಲ, ಸಂದೇಶ ಹೋಗುವುದೇ ಇಲ್ಲ. ಅಂದವಾಗಿ ಕಾಣದಿದ್ದದ್ದು ಕಾಣದೇ ಹೋದಂತಾಗುತ್ತದೆ.

ಕ್ರಮ ಹೀಗಿರಲಿ. ಮೊದಲು ಡಿಎಲ್‌ಟಿ ಪೋರ್ಟಲ್‌ನಲ್ಲಿ ಹಳೆಯ ಟೆಂಪ್ಲೇಟ್ ತೆರೆದು ನಕ್ಷತ್ರ ಇದೆಯೇ ಎಂದು ಕಣ್ಣಾರೆ ನೋಡಿ. ಇದ್ದರೆ ಚೊಕ್ಕ ಪಠ್ಯವನ್ನು ಹೊಸ ಟೆಂಪ್ಲೇಟಾಗಿ, ಯೂನಿಕೋಡ್ ಎಂದು ಆರಿಸಿ, ಬದಲಾಗುವ ಜಾಗಗಳಿಗೆ ವೇರಿಯೆಬಲ್ ಇಟ್ಟು ಸಲ್ಲಿಸಿ. ಲಿಂಕಿನ ವಿಳಾಸವೂ ಮೊದಲೇ ನೋಂದಾಯಿಸಿದ ವಿಳಾಸಗಳ ಶ್ವೇತಪಟ್ಟಿಯಲ್ಲಿ ಇರಬೇಕು. 2024ರ ಅಕ್ಟೋಬರ್ 1ರಿಂದ ಅದಿಲ್ಲದ ಲಿಂಕ್ ಇರುವ ಸಂದೇಶಕ್ಕೆ ತಡೆ ಇದೆ. ಒಪ್ಪಿಗೆ ಬಂದ ಮೇಲೆ ಹೊಸ ಟೆಂಪ್ಲೇಟ್ ಐಡಿಯನ್ನು ಸಾಫ್ಟ್‌ವೇರ್‌ಗೆ ಹಾಕಿ, ಅದೇ ಹೊತ್ತಿಗೆ ಕೋಡ್ ಬದಲಿಸಿ. ಒಂದು ಹಿಂದೆ ಒಂದು ಮುಂದೆ ಆದರೆ ನಡುವಿನ ಸಂದೇಶಗಳೆಲ್ಲ ನಷ್ಟ.

ಉಮಾ_ಪ್ರಾಡಕ್ಟ್

ರಂಗಣ್ಣ ಸರ್, ಪೋರ್ಟಲ್ ತೆರೆದು ನೋಡಿದೆ. ನೀವು ಹೇಳಿದ್ದು ಅಕ್ಷರಶಃ ನಿಜ, ನಾಲ್ಕು ನಕ್ಷತ್ರವೂ ಟೆಂಪ್ಲೇಟ್‌ನಲ್ಲೇ ಇವೆ. ಎಸ್‌ಎಂಎಸ್‌ನ ಕೋಡ್ ಬಿಡುಗಡೆಯನ್ನು ತಡೆಹಿಡಿದಿದ್ದೇವೆ.

ಒಂದು ಸಂದೇಹ. ಮುಂದೆ ಇಂಥ ದೂರು ಬಂದಾಗ ತಪ್ಪು ನಮ್ಮದೋ ಆ್ಯಪ್‌ನದೋ ಎಂದು ಬೇಗ ತಿಳಿಯುವುದು ಹೇಗೆ?

ಇಮೇಲ್_ಕಮಲಾ

ಒಂದು ಸಂದೇಶ ಆರಿಸಿಕೊಂಡು ಮೂರು ಕಡೆ ನೋಡಿ: ನಿಮ್ಮಲ್ಲಿ ಉಳಿದಿರುವ ಪಠ್ಯ, ನೀವು ಹೊರಗೆ ಕಳಿಸಿದ ಪಠ್ಯ, ಫೋನಿನ ಪರದೆ. ನಕ್ಷತ್ರ ಎರಡನೆಯದರಲ್ಲೇ ಇದ್ದರೆ ತಪ್ಪು ನಿಮ್ಮದು, ಮುಂದೆ ಹುಡುಕುವುದೇ ಬೇಡ. ಎರಡನೆಯದು ಚೊಕ್ಕ ಇದ್ದು ಪರದೆಯಲ್ಲಿ ಮಾತ್ರ ಬೇರೆ ಕಂಡರೆ ಆ್ಯಪ್ ಕಡೆ ನೋಡಿ.

ಇಮೇಲ್‌ಗೆ ಜಿಮೇಲ್‌ನಲ್ಲಿ `Show original` ಒತ್ತಿ. ಸಾಮಾನ್ಯವಾಗಿ ಒಂದೇ ಪತ್ರದೊಳಗೆ `text/plain` ಮತ್ತು `text/html` ಎಂಬ ಎರಡು ಪ್ರತಿ ಇರುತ್ತವೆ. ಪರದೆಯಲ್ಲಿ ಅಂದವಾಗಿ ಕಂಡದ್ದು ಎರಡನೆಯದು. ಮೊದಲನೆಯದರಲ್ಲಿ ನಕ್ಷತ್ರ ಹಾಗೇ ಉಳಿದಿರುತ್ತದೆ ಎಂದು ನನ್ನ ಅನುಮಾನ. ಪಠ್ಯ ಮಾತ್ರ ತೋರಿಸುವ ಮೇಲ್ ಆ್ಯಪ್ ಇಟ್ಟುಕೊಂಡವರು ಅದನ್ನೇ ಓದುತ್ತಾರೆ. ಅದನ್ನೂ ಎಸ್‌ಎಂಎಸ್‌ಗೆ ಮಾಡಿದ ಹಾಗೇ ಚೊಕ್ಕ ಮಾಡಿ.

ಪದ_ಸಂಗಾತಿ

ವಾಟ್ಸ್‌ಆ್ಯಪ್‌ನ ಬಟನ್ ಉತ್ತರಗಳನ್ನೂ ಒಮ್ಮೆ ನೋಡಿ. ಒಂದು ಸಂದೇಶಕ್ಕೆ ಮೂರೇ ಬಟನ್, ಒಂದೊಂದರ ಮೇಲೆ 20 ಕ್ಯಾರೆಕ್ಟರ್. "ಹೌದು, ನಾಳೆ ಬೆಳಿಗ್ಗೆ ಬನ್ನಿ" ಎಂಬುದು ಕಣ್ಣಿಗೆ ಒಂಬತ್ತು ಅಕ್ಷರ, ರಂಗಣ್ಣ ಸರ್ ಎಣಿಸಿದ ರೀತಿಯಲ್ಲಿ 25. "ನಾಳೆ ಬನ್ನಿ" ಆದರೆ 10. ಮಿತಿ ದಾಟಿದಾಗ ನಿಮ್ಮ ಸಾಫ್ಟ್‌ವೇರ್ 20ಕ್ಕೆ ಕತ್ತರಿಸಿ ಕಳಿಸುತ್ತಿದ್ದರೆ ಸಂಯುಕ್ತಾಕ್ಷರದ ನಡುವೆಯೇ ಕತ್ತರಿ ಬೀಳಬಹುದು, ಆಗ ಒತ್ತಕ್ಷರ ಹೋಗಿ ಅರ್ಧಾಕ್ಷರದ ತುಣುಕು ಉಳಿಯುತ್ತದೆ. ಕತ್ತರಿಸುವ ಬದಲು, ಟೈಪ್ ಮಾಡುವಾಗಲೇ ಸಿಬ್ಬಂದಿಗೆ "ಉದ್ದವಾಯಿತು" ಎಂದು ತೋರಿಸಿ.

ಉಮಾ_ಪ್ರಾಡಕ್ಟ್

ಎಲ್ಲರಿಗೂ ಧನ್ಯವಾದ. ಪತ್ರವನ್ನು ಮೊದಲಿಂದ ಬರೆದಿದ್ದೇನೆ:

"ಮಾನ್ಯರೇ,

ನೀವು ಕಳಿಸಿದ ಚಿತ್ರಗಳನ್ನು ನಾವು ಕಳಿಸಿದ ಪಠ್ಯದ ಜೊತೆ ಹೋಲಿಸಿ ನೋಡಿದೆವು. ಎಲ್ಲಕ್ಕೂ ಕಾರಣ ಒಂದೇ ಅಲ್ಲ.

ವಾಟ್ಸ್‌ಆ್ಯಪ್‌ನಲ್ಲೂ ಎಸ್‌ಎಂಎಸ್‌ನಲ್ಲೂ ನಕ್ಷತ್ರ, ಆವರಣಗಳು ಕಂಡದ್ದು ನಮ್ಮ ತಪ್ಪು. ಪರದೆಯಲ್ಲಿ ನೀವು ದಪ್ಪ ಮಾಡಿದ ಅಕ್ಷರವನ್ನು ನಾವು ಒಳಗೆ ನಕ್ಷತ್ರದ ಗುರುತಿನಲ್ಲಿ ಉಳಿಸುತ್ತೇವೆ. ಇಮೇಲ್‌ಗೆ ಕಳಿಸುವಾಗ ಆ ಗುರುತನ್ನು ಬದಲಿಸುತ್ತಿದ್ದೆವು, ಉಳಿದ ಎರಡಕ್ಕೆ ಬದಲಿಸುತ್ತಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇನ್ನು ಮುಂದೆ ಬಿಲ್ ಸಾಲು ದಪ್ಪಕ್ಷರದಲ್ಲಿ ಬರುತ್ತದೆ, ಲಿಂಕ್‌ನ ವಿಳಾಸ ಪೂರ್ತಿ ಕಾಣುತ್ತದೆ. ಹೆಸರಿನ ಹಿಂದೆ ಲಿಂಕ್ ಇಡಲು ವಾಟ್ಸ್‌ಆ್ಯಪ್‌ನ ಸಾದಾ ಸಂದೇಶದಲ್ಲಿ ಅವಕಾಶವಿಲ್ಲ.

ಎಸ್‌ಎಂಎಸ್‌ನಲ್ಲಿ ದಪ್ಪಕ್ಷರ ಇರುವುದೇ ಇಲ್ಲ, ಅಲ್ಲಿ ಸಾದಾ ಅಕ್ಷರವೇ ಬರುತ್ತದೆ. ಬೇಡದ ಚಿಹ್ನೆಗಳಿಂದ ನಿಮ್ಮ ಈ ಸಂದೇಶ 135 ಕ್ಯಾರೆಕ್ಟರ್ ಆಗಿ ಮೂರು ಕ್ರೆಡಿಟ್ ಕಡಿತವಾಗಿದೆ. ಚಿಹ್ನೆ ಇಲ್ಲದಿದ್ದರೆ 129, ಎರಡು ಕ್ರೆಡಿಟ್. ಹೀಗೆ ಹೆಚ್ಚು ಕಡಿತವಾದ ಕ್ರೆಡಿಟ್‌ಗಳನ್ನು ಲೆಕ್ಕ ಹಾಕಿ ನಿಮ್ಮ ಖಾತೆಗೆ ಹಿಂತಿರುಗಿಸುತ್ತೇವೆ. ಎಸ್‌ಎಂಎಸ್ ಟೆಂಪ್ಲೇಟ್ ಹೊಸದಾಗಿ ನೋಂದಣಿಯಾಗಿ ಒಪ್ಪಿಗೆ ಬರುವವರೆಗೆ ಹಳೆಯ ರೂಪದಲ್ಲೇ ಸಂದೇಶ ಹೋಗುತ್ತದೆ. ಅದಕ್ಕೆ ಮೊದಲೇ ಬದಲಿಸಿದರೆ ಸಂದೇಶ ತಲುಪುವುದಿಲ್ಲ. ನೋಂದಣಿ ನಿಮ್ಮ ಸಂಸ್ಥೆಯ ಹೆಸರಿನಲ್ಲಿರುವುದರಿಂದ ಪೋರ್ಟಲ್‌ನಲ್ಲಿ ನಿಮ್ಮ ಒಪ್ಪಿಗೆ ಬೇಕು. ಸಲ್ಲಿಸಬೇಕಾದ ಪಠ್ಯವನ್ನು ಇದರ ಜೊತೆ ಇಟ್ಟಿದ್ದೇವೆ.

ಅಂಗಡಿಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್‌ನ ಹಳೆಯ ಔಟ್‌ಲುಕ್. ಅದು ಇಮೇಲನ್ನು ವರ್ಡ್ ಕಡತದ ಹಾಗೆ ತೋರಿಸುತ್ತದೆ. ಪಟ್ಟಿಯ ಅಂತರವನ್ನು ಕಡಿಮೆ ಮಾಡುತ್ತಿದ್ದೇವೆ, ಆದರೆ ಜಿಮೇಲ್‌ನ ಪ್ರತಿರೂಪವಾಗಿ ಕಾಣುತ್ತದೆ ಎಂದು ಹೇಳಲಾರೆವು.

ನಿಮ್ಮ ಸಿಬ್ಬಂದಿಗೆ ಒಂದು ವಿನಂತಿ: ತೊಟ್ಟಿ, ಪೈಪಿನ ಅಳತೆ ಬರೆಯುವಾಗ ನಾವು ಸರಿಮಾಡುವವರೆಗೆ ನಕ್ಷತ್ರದ ಬದಲು × ಚಿಹ್ನೆ ಅಥವಾ 'ಬೈ' ಎಂದು ಬರೆಯಲಿ. 2*3*4 ಎಂದು ಬರೆದರೆ ಇಮೇಲ್‌ನಲ್ಲಿ 234 ಎಂದು ಕಾಣುತ್ತದೆ."

ಗೇಟ್‌ವೇ_ರಂಗಣ್ಣ

ಈಗ ಸರಿ ಇದೆ. ಜೊತೆಗಿಡುವ ಪಠ್ಯವನ್ನು ವರ್ಡ್ ಕಡತದಲ್ಲಿ ಕಳಿಸಬೇಡಿ. ಅಲ್ಲಿಂದ ನಕಲು ಮಾಡಿದರೆ ನೇರ ಉದ್ಧರಣ ಚಿಹ್ನೆ ಬಾಗಿದ್ದಾಗಿ, ಕಾಣದ ಖಾಲಿ ಜಾಗ ಸೇರಿ, ಮತ್ತೆ ಹೊಂದುವುದಿಲ್ಲ. ಸಾದಾ ಟೆಕ್ಸ್ಟ್ ಕಡತ ಕೊಡಿ.

ನೇರ_ಕೋಡ್

ನನ್ನದು ಇನ್ನೂ ಒಂದು ತಕರಾರು. ಸಿಬ್ಬಂದಿಗೆ ದಪ್ಪಕ್ಷರದ ಬಟನ್ ಕೊಡುವುದೇ ಯಾಕೆ? ತೆಗೆದುಬಿಟ್ಟರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ.

ಇಮೇಲ್_ಕಮಲಾ

ಹತ್ತು ಸಾಲಿನ ಇಮೇಲ್‌ನಲ್ಲಿ ಮೊತ್ತ ಎಲ್ಲಿದೆ ಎಂದು ಹುಡುಕುವವರಿಗೆ ಆ ದಪ್ಪಕ್ಷರ ಬೇಕು. ಎಸ್‌ಎಂಎಸ್‌ನಲ್ಲಿ ಬರುವುದಿಲ್ಲ ಎಂದು ಇಮೇಲ್ ಓದುವವರಿಂದ ಕಿತ್ತುಕೊಳ್ಳುವುದು ಸರಿಯಲ್ಲ. ಕಳಿಸುವ ಮುಂಚೆ ಆಯಾ ದಾರಿಯಲ್ಲಿ ಹೇಗೆ ಕಾಣುತ್ತದೆ ಎಂದು ಪಕ್ಕದಲ್ಲೇ ತೋರಿಸಿದರೆ ಸಾಕು.

ನೇರ_ಕೋಡ್

ದಿನಕ್ಕೆ ನೂರು ಉತ್ತರ ಬರೆಯುವವರು ಪಕ್ಕದ ಚಿತ್ರ ನೋಡುತ್ತಾರೆಂದು ನನಗೆ ಅನಿಸುವುದಿಲ್ಲ.

ಉಮಾ_ಪ್ರಾಡಕ್ಟ್

ಅದನ್ನು ಅಂಗಡಿಯ ಸಿಬ್ಬಂದಿಯ ಹತ್ತಿರವೇ ಕೇಳುತ್ತೇನೆ. ಸದ್ಯಕ್ಕೆ ಬಟನ್ ಇರುತ್ತದೆ, ಎಸ್‌ಎಂಎಸ್ ಉತ್ತರಕ್ಕೆ ಮಾತ್ರ ಮಂಕಾಗಿ ಒತ್ತಲು ಬರದಂತೆ ಇಡುತ್ತೇವೆ, ಪಕ್ಕದಲ್ಲಿ ಕ್ಯಾರೆಕ್ಟರ್ ಎಣಿಕೆ ಮತ್ತು ಕ್ರೆಡಿಟ್ ಕಾಣುತ್ತದೆ. ಟೆಂಪ್ಲೇಟ್ ಪಠ್ಯವನ್ನು ಟೆಕ್ಸ್ಟ್ ಕಡತ ಮಾಡಿ ಪತ್ರಕ್ಕೆ ಸೇರಿಸಿದೆ, ಇವತ್ತೇ ಕಳಿಸುತ್ತಿದ್ದೇನೆ.